ಬಂದರಿನ ಹೂಳಿಗೆ ಚೌಳು ನೆಲದ ಮದ್ದು: ನನ್ನ ಅನುಭವ

ಮಂಡ್ಯ ಸುತ್ತಮುತ್ತ ಹದಿನೈದು ವರ್ಷ ಕೆರೆ ಹೂಳು ಎತ್ತಿದವನು ನಾನು. ಕೆರೆಯ ಗೋಡು ತೆಗೆದರೆ ಅದನ್ನು ಎಲ್ಲಿ ಹಾಕಬೇಕು ಅನ್ನುವ ಚಿಂತೆಯೇ ಇರುವುದಿಲ್ಲ. ರೈತರೇ ಟ್ರ್ಯಾಕ್ಟರ್ ತಂದು ಸಾಲು ನಿಲ್ಲುತ್ತಾರೆ. ಅದೇ ಧೈರ್ಯದಲ್ಲಿ ಕರಾವಳಿಯ ಒಂದು ಮೀನುಗಾರಿಕೆ ಬಂದರಿನಲ್ಲಿ ದೋಣಿ ದಾರಿಯ ಹೂಳು ತೆಗೆಯುವ ಕೆಲಸಕ್ಕೆ ಸಬ್ ಕಾಂಟ್ರ್ಯಾಕ್ಟ್ ಹಿಡಿದೆ. ಮೊದಲ ವರ್ಷವೇ ಏಳು ಲಕ್ಷದಷ್ಟು ಕೈಬಿಟ್ಟಿತು.

ಡ್ರೆಜರ್ ಚೆನ್ನಾಗಿಯೇ ಓಡಿತು. ಕೈಕೊಟ್ಟಿದ್ದು ಹೊಂಡ. ದಡದಲ್ಲಿ ಬದು ಕಟ್ಟಿ, ಪೈಪಿನಲ್ಲಿ ಬರುವ ಹೂಳು ತುಂಬಿಸಲು ಜಾಗ ಕೊಟ್ಟಿದ್ದರು. ತೆಗೆಯಬೇಕಾದದ್ದು ಸುಮಾರು 40 ಸಾವಿರ ಘನ ಮೀಟರ್. 45 ಸಾವಿರ ಹಿಡಿಯುವ ಹೊಂಡ ಸಾಕು ಅಂತ ಲೆಕ್ಕ ಹಾಕಿದೆ. ಆದರೆ ತಳದಲ್ಲಿ ಬಿಗಿಯಾಗಿ ಕೂತಿದ್ದ ಮಣ್ಣು ಪಂಪಿನಲ್ಲಿ ನೀರಿನ ಜೊತೆ ಕದಡಿ ಬಂದ ಮೇಲೆ ಒಂದೂವರೆ, ಎರಡು ಪಟ್ಟು ಜಾಗ ತಿನ್ನುತ್ತದೆ. ಅರ್ಧ ಕೆಲಸ ದಾಟುತ್ತಿದ್ದಂತೆ ಹೊಂಡ ಬದುವಿನವರೆಗೂ ಬಂತು. ಹನ್ನೊಂದು ದಿನ ಡ್ರೆಜರ್ ಸುಮ್ನೆ ನಿಂತಿತು, ಬಾಡಿಗೆ ಮಾತ್ರ ಓಡುತ್ತಲೇ ಇತ್ತು.

ದೊಡ್ಡ ಬಂದರುಗಳಿಗೆ ಈ ತಾಪತ್ರಯ ಬೇರೆ ಥರ. ಪಣಂಬೂರಿನಂಥ ಕಡೆ ಹೂಳನ್ನು ಹಡಗಿನ ಹೊಟ್ಟೆಗೇ ಎಳೆದುಕೊಂಡು, ಗೊತ್ತು ಮಾಡಿದ ಆಳ ಸಮುದ್ರದ ಜಾಗಕ್ಕೆ ಹೋಗಿ ತಳದ ಬಾಗಿಲು ತೆರೆದು ಬಿಡುತ್ತಾರೆ. ದಡಕ್ಕೆ ಹತ್ತಿರ ಬಿಟ್ಟರೆ ಅಲೆಯ ಜೊತೆ ಒಂದಷ್ಟು ವಾಪಸ್ ಬರುತ್ತದೆ. ಸಣ್ಣ ಬಂದರಿಗೆ ಅಂಥ ಹಡಗೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ದಡದ ಹೊಂಡವೇ ಗತಿ. ವರ್ಷಾನುಗಟ್ಟಲೆ ಆ ಹೂಳು ಮೊಸರಿನ ಹಾಗೆ ಅಲ್ಲೇ ಕೂತಿರುತ್ತದೆ. ಮುಂದಿನ ಸಲ ಹೊಸ ಹೊಂಡಕ್ಕೆ ಜಾಗ ಹುಡುಕಬೇಕು.

ಕೆರೆಯಲ್ಲಿ ಹತ್ತು ವರ್ಷಕ್ಕೆ ತುಂಬುವ ಹೂಳು ಇಲ್ಲಿ ಒಂದೇ ಮಳೆಗಾಲಕ್ಕೆ ಯಾಕೆ ತುಂಬುತ್ತದೆ ಅನ್ನುವುದು ನನ್ನನ್ನು ಬಹಳ ಕಾಡಿತು. ಅಗೆದ ದಾರಿ ಅಕ್ಕಪಕ್ಕಕ್ಕಿಂತ ಆಳ. ಅಲ್ಲಿಗೆ ಬಂದ ನೀರು ನಿಧಾನವಾಗುತ್ತದೆ, ಹೊತ್ತು ತಂದದ್ದನ್ನು ಇಳಿಸುತ್ತದೆ. ಮುಂಗಾರಿನ ಅಲೆ ಹೊರಗಿನ ಕೆಸರನ್ನೆಲ್ಲ ಕದಡಿ ಒಳಗೆ ತಳ್ಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣವನ್ನು ನಾನು ಎರಡು ಬಾಟಲಿಯಲ್ಲಿ ಕಣ್ಣಾರೆ ಕಂಡೆ. ಒಂದೇ ಹಿಡಿ ಹೂಳನ್ನು ಚೆನ್ನಾಗಿ ತೊಳೆದು ಎರಡು ಪಾಲು ಮಾಡಿದೆ. ಒಂದನ್ನು ನಲ್ಲಿ ನೀರಿಗೆ, ಇನ್ನೊಂದನ್ನು ಸಮುದ್ರದ ನೀರಿಗೆ ಹಾಕಿ ಕುಲುಕಿಟ್ಟೆ. ಉಪ್ಪು ನೀರಿನ ಬಾಟಲಿಯಲ್ಲಿ ಮಣ್ಣು ಒಡೆದ ಹಾಲಿನಂತೆ ಗಂಟುಗಂಟಾಗಿ, ಊಟ ಮುಗಿಸಿ ಬರುವಷ್ಟರಲ್ಲಿ ತಳ ಸೇರಿತ್ತು. ಮೇಲಿನ ನೀರು ತಿಳಿ. ನಲ್ಲಿ ನೀರಿನದ್ದು ಮಾರನೇ ದಿನವೂ ಕಾಫಿ ಬಣ್ಣದಲ್ಲೇ ಇತ್ತು. ಹೊಳೆ ನೀರು ಅಳಿವೆಯಲ್ಲಿ ಸಮುದ್ರಕ್ಕೆ ಸೇರುವಾಗ ಇದೇ ನಡೆಯುವುದು. ಅಲ್ಲಿಯವರೆಗೆ ತೇಲಿ ಬಂದ ಜೇಡಿ ಉಪ್ಪು ತಾಗಿದ ಕಡೆ ಕೂರುತ್ತದೆ.

ಆ ನಲ್ಲಿ ನೀರಿನ ಬಾಟಲಿ ನೋಡುವಾಗಲೇ ನನಗೆ ನಮ್ಮಪ್ಪನ ಚೌಳು ಗದ್ದೆ ನೆನಪಾಯಿತು. ವಿಸಿ ನಾಲೆ ಪಕ್ಕದ ಒಂದೂವರೆ ಎಕರೆ. ನೀರು ಹಾಯಿಸಿದಷ್ಟೂ ನೆಲ ಅಂಟಂಟಾಗಿ, ಮೇಲೆ ನೀರು ನಿಲ್ಲುತ್ತಿತ್ತೇ ಹೊರತು ಇಂಗುತ್ತಿರಲಿಲ್ಲ. ಜಿಪ್ಸಮ್ ಹಾಕಿ, ಬಸಿಗಾಲುವೆ ತೆಗೆದು, ಹಸಿರೆಲೆ ಗೊಬ್ಬರದ ಡಯಾಂಚ ಬೆಳೆದು ಮಗುಚಿ ಅದನ್ನು ದಾರಿಗೆ ತಂದಿದ್ದರು. ಬಂದರಿನ ಹೂಳೂ ಅದೇ ಕಾಯಿಲೆಯದ್ದಲ್ವಾ ಅನ್ನಿಸಿತು.

ಡ್ರೆಜರ್ ಓಡಿಸುವ ಉಡುಪಿ ಕಡೆಯವರಿಗೆ ಹೇಳಿದೆ. "ಸಮುದ್ರದ ಕೆಸರಿನಲ್ಲಿ ಹುಲ್ಲು ಬೆಳೆಸ್ತೀರಾ ಮಾರಾಯ್ರೆ? ಅದು ಆಗುವ ಮಾತಲ್ಲ" ಅಂದರು. ಊರಲ್ಲಿ ನಮ್ಮ ದೊಡ್ಡಪ್ಪ "ಇರೋ ಚೌಳು ಸಾಲ್ದು ಅಂತ ಉಪ್ಪನ್ನ ಲಾರೀಲಿ ತರ್ತಿದ್ದೀಯಲ್ಲಪ್ಪ" ಅಂತ ಬೇಸರ ಮಾಡಿಕೊಂಡರು. ಆದರೂ ಮಂಗಳೂರಿಗೆ ಬೆಲ್ಲ ಹೊತ್ತು ಹೋಗಿ ಖಾಲಿ ಬರುವ ಲಾರಿಯಲ್ಲಿ ಒಂದು ಲೋಡು ಹೂಳು ಊರಿಗೆ ತರಿಸಿಯೇಬಿಟ್ಟೆ. ಬಾಡಿಗೆ ಒಂಬತ್ತೋ ಹತ್ತೋ ಸಾವಿರ. ಪಕ್ಕದ ಗದ್ದೆಗೆ ಉಪ್ಪು ನೀರು ಹೋಗಬಾರದು ಅಂತ ಬಸಿದ ನೀರಿಗೆ ಟಾರ್ಪಾಲ್ ಹಾಸಿದ ಗುಂಡಿ ತೋಡಿದೆ.

ಹೂಳನ್ನು ಮಡಿ ಮಾಡಿ, ಮೊದಲ ಮಡಿಯನ್ನು ಬರೀ ನಾಲೆ ನೀರಿನಲ್ಲಿ ತೊಳೆದೆ. ಇದು ದೊಡ್ಡ ತಪ್ಪು. ಮೊದಲ ಸಲ ನೀರು ಚೆನ್ನಾಗಿ ಬಸಿಯಿತು, ಎರಡನೇ ಸಲ ನಿಧಾನವಾಯಿತು, ಮೂರನೇ ಸಲ ಪೂರ್ತಿ ನಿಂತೇಹೋಯಿತು. ಉಪ್ಪು ಕಡಿಮೆಯಾದಂತೆ ಗಂಟು ಬಿಚ್ಚಿಕೊಂಡು ಜೇಡಿ ಹರಡಿ, ರಂಧ್ರವೆಲ್ಲ ಮುಚ್ಚಿಬಿಡುತ್ತದೆ. ಬಾಟಲಿಯಲ್ಲಿ ಕಂಡದ್ದೇ ಇಲ್ಲಿ ನನ್ನ ಮೇಲೆ ತಿರುಗಿತ್ತು. ಎರಡನೇ ಮಡಿಗೆ ತೊಳೆಯುವ ಮುಂಚೆಯೇ ಜಿಪ್ಸಮ್ ಬೆರೆಸಿದೆ, ಕೆಳಗೆ ಕಬ್ಬಿನ ತರಗು ತುಂಬಿದ ಚರಂಡಿ ಕೊಟ್ಟೆ. ಜಿಪ್ಸಮ್‌ನ ಸುಣ್ಣದಂಶ ಜೇಡಿಯ ಸೋಡಿಯಂ ಜಾಗಕ್ಕೆ ಹೋಗಿ ಕೂರುತ್ತದೆ, ಗಂಟು ಉಳಿಯುತ್ತದೆ. ಐದು ಸಲ ತೊಳೆದರೂ ನೀರು ಇಳಿಯುತ್ತಲೇ ಇತ್ತು. ಉಪ್ಪಿನಂಶ ಅಳೆಯುವ ಇಸಿ ಮೀಟರಿನಲ್ಲಿ 14ರ ಹತ್ತಿರ ಇದ್ದದ್ದು 2ಕ್ಕೆ ಬಂತು.

ಡಯಾಂಚ ಹುಟ್ಟಿತು, ಆದರೆ ಒಂದು ಮೂಲೆಯಲ್ಲಿ ಗೇಣುದ್ದ ಬಂದು ಸತ್ತಿತು. ಅಲ್ಲಿ ಮಣ್ಣು ಒಡೆದು ನೋಡಿದರೆ ಬಿರುಕಿನಲ್ಲಿ ತೆಳು ಹಳದಿ ಗೆರೆ. ಕೊಳೆತ ಮೊಟ್ಟೆ ವಾಸನೆಯ ಕರಿ ಹೂಳು ಒಣಗಿ ಗಾಳಿ ತಾಗಿದಾಗ ಅದರೊಳಗಿನ ಗಂಧಕ ಹುಳಿಯಾಗುತ್ತದೆ. ಚಿಪ್ಪು ಜಾಸ್ತಿ ಇದ್ದ ಕಡೆ ಹೀಗಾಗಿರಲಿಲ್ಲ, ಚಿಪ್ಪೇ ಸುಣ್ಣದ ಕೆಲಸ ಮಾಡಿತ್ತು. ಅಂದಿನಿಂದ ಕರಿ ಹೂಳಿಗೆ ಸುಣ್ಣ ಕೊಡದೆ ಮುಂದೆ ಹೋಗುವುದಿಲ್ಲ.

ಇದೇ ಹೊತ್ತಿನಲ್ಲಿ ಇಟ್ಟಿಗೆಯನ್ನೂ ನೋಡಿದೆ. ತೊಳೆಯದ ಹೂಳಿನಲ್ಲಿ ಇನ್ನೂರು ಇಟ್ಟಿಗೆ ಕೊಯ್ಯಿಸಿದೆ. ಅರ್ಧದಷ್ಟು ಒಣಗುವಾಗಲೇ ಸೀಳಿದವು. ಸುಟ್ಟು ಉಳಿದವು ಒಂದು ಮಳೆ ಕಂಡ ಮೇಲೆ ಬಿಳಿ ಉಪ್ಪು ಕಾರಿದವು. ಮರಳು ಬೆರೆಸಿ, ತೊಳೆದ ಹೂಳಿನಲ್ಲಿ ಮಾಡಿದ್ದು ಪರವಾಗಿಲ್ಲ. ಆದರೆ ತೊಳೆಯುವ ಖರ್ಚು ಸೇರಿದರೆ ಇಟ್ಟಿಗೆಯ ಬೆಲೆಗೆ ಗಿಟ್ಟುವುದಿಲ್ಲ.

ಹೂಳನ್ನು ಮಂಡ್ಯಕ್ಕೆ ಸಾಗಿಸುವುದು ವ್ಯಾಪಾರ ಅಲ್ಲ, ಅದು ಪರೀಕ್ಷೆಗಷ್ಟೇ. ನಮ್ಮಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಕರಾವಳಿಯಲ್ಲಿ 3,000 ಮಿ.ಮೀ. ಮೀರುತ್ತದೆ. ತೊಳೆಯುವ ನೀರು ಅಲ್ಲಿ ಪುಕ್ಕಟೆ, ಬಸಿದ ಉಪ್ಪು ನೀರು ಮತ್ತೆ ಉಪ್ಪು ನೀರಿಗೇ ಸೇರುತ್ತದೆ. ಮುಂದಿನ ವರ್ಷ ಪೈಪನ್ನು ಹೊಂಡದ ಒಂದೇ ತುದಿಯಲ್ಲಿ ಇಟ್ಟೆ. ಮರಳು ಪೈಪಿನ ಬಾಯಲ್ಲೇ ಗುಡ್ಡೆಯಾಯಿತು, ಜೇಡಿ ದೂರದ ತುದಿಗೆ ಹೋಯಿತು. ಮರಳು ನೆಲ ತುಂಬಲು ಹೋಯಿತು. ಕಾಂಕ್ರೀಟಿಗೆ ಕೇಳಿದವರಿಗೆ ಕೊಡಲಿಲ್ಲ, ಉಪ್ಪು ಕಂಬಿ ತಿನ್ನುತ್ತದೆ. ಜೇಡಿ ಮೇಲಿನ ನೀರು ಹೋದ ಮೇಲೆ ಸಾಲು ಕಾಲುವೆ ಹೊಡೆಸಿ ಒಣಗಿಸಿದೆ. ಏಪ್ರಿಲ್‌ನಲ್ಲಿ ಅಲ್ಲೇ ಒಂದೂವರೆ ಎಕರೆಗೆ ಒಂದೂವರೆ ಅಡಿ ದಪ್ಪಕ್ಕೆ ಹರಡಿ, ಹತ್ತು ಟನ್‌ನಷ್ಟು ಜಿಪ್ಸಮ್ ಬೆರೆಸಿ ಮಳೆಗೆ ಬಿಟ್ಟೆ. ಎಲ್ಲ ಸೇರಿ ಎರಡು ಲಕ್ಷ ಆಗಿರಬೇಕು. ಜಿಪ್ಸಮ್ಮನ್ನು ಎಷ್ಟು ಕಂತಿನಲ್ಲಿ, ಯಾವ ಮಳೆಗೆ ಮುಂಚೆ ಹಾಕಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ, ಅದಕ್ಕೆ ಎರಡು ವರ್ಷ ಕೊಟ್ಟಿದ್ದೇನೆ.

ಅಕ್ಟೋಬರಿನಲ್ಲಿ ಹೋಗಿ ನೋಡಿದರೆ ಎದೆಮಟ್ಟದ ಡಯಾಂಚ. ಮೀಟರ್ 1.5 ತೋರಿಸಿತು. ಮಾರುವ ಮುಂಚೆ ಮಣ್ಣನ್ನು ಪರೀಕ್ಷೆಗೆ ಕಳಿಸಿದೆ, ಯಾಕೆಂದರೆ ದೋಣಿ ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ, ಅದು ಕೆಸರಿಗೆ ಇಳಿಯುತ್ತದೆ. ದೋಣಿ ರಿಪೇರಿ ಮಾಡುವ ಕಟ್ಟೆಯ ಬುಡದ ಹೂಳಿನಲ್ಲಿ ತಾಮ್ರ ಜಾಸ್ತಿ ಬಂತು. ಆ ಪಾಲನ್ನು ಬೇರೆ ಇಟ್ಟು ಬದುವಿನೊಳಗೇ ಮುಚ್ಚಿಸಿದೆ. ಉಳಿದದ್ದನ್ನೂ ತಿನ್ನುವ ಬೆಳೆಗೆ ಕೊಡಲಿಲ್ಲ. ಗಾಳಿ ಗಿಡದ ತೋಪಿಗೂ ರಸ್ತೆ ಬದಿಯ ಗಿಡಗಳಿಗೂ ಹೋಯಿತು, ಲೋಡಿಗೆ 900 ರೂಪಾಯಿ. ಹಾಕಿದ ಎರಡು ಲಕ್ಷ ವಾಪಸ್ ಬಂತು. ಅದಕ್ಕಿಂತ ದೊಡ್ಡದು, ಹೊಂಡದ ಒಂದು ಭಾಗ ಖಾಲಿಯಾಯಿತು. ಆ ಉಡುಪಿಯವರೇ ಈಗ ಫೋನ್ ಮಾಡಿ "ಈ ಸಲ ಜಿಪ್ಸಮ್ ಯಾವಾಗ ತರಿಸ್ತೀರಿ" ಅಂತ ಕೇಳುತ್ತಾರೆ. ಡಿಸೆಂಬರಿನಲ್ಲಿ ಅದೇ ಹೊಂಡಕ್ಕೆ ಪೈಪ್ ಇಳಿಸುತ್ತಿದ್ದೇವೆ.