ಸಮೇರಿಯಮ್, ಡಿಸ್ಪ್ರೋಸಿಯಮ್ ಮತ್ತು ಹುಂಡ್‌ನ ಮೂರನೇ ನಿಯಮ

ಎಲೆಕ್ಟ್ರಾನ್‌ಗಳ ಅತ್ಯಂತ ಕಡಿಮೆ ಶಕ್ತಿಯ ಸ್ಥಿತಿ ಯಾವುದೆಂದು ಹೇಳುವ ಹುಂಡ್ ನಿಯಮಗಳನ್ನು ಎಂ.ಎಸ್ಸಿ. ಲ್ಯಾಬಿನಲ್ಲಿ ಹೇಳಿಕೊಡುವಾಗ ನಾನು ಕಾರ್ಬನ್, ನೈಟ್ರೋಜನ್‌ಗಳ ಉದಾಹರಣೆಯನ್ನು ಬೇಗ ಮುಗಿಸಿಬಿಡುತ್ತೇನೆ. ಆಮೇಲೆ ಎರಡು ಬಾಟಲಿಗಳನ್ನು ಮೇಜಿನ ಮೇಲಿಡುತ್ತೇನೆ. ಒಂದು ಸಮೇರಿಯಮ್ ಆಕ್ಸೈಡ್, ಇನ್ನೊಂದು ಡಿಸ್ಪ್ರೋಸಿಯಮ್ ಆಕ್ಸೈಡ್. Sm³⁺ನಲ್ಲಿ ಐದು 4f ಎಲೆಕ್ಟ್ರಾನ್‌ಗಳಿವೆ, Dy³⁺ನಲ್ಲಿ ಒಂಬತ್ತು. ಲೆಕ್ಕ ಹಾಕಿದರೆ ಎರಡಕ್ಕೂ ಬರುವ ಟರ್ಮ್ ಒಂದೇ, ⁶H. ಕಾಂತಕ್ಷೇತ್ರದಲ್ಲಿ ತೂಗಿ ಕಾಂತಗುಣ ಅಳೆಯುವ ಗೂಯ್ ಬ್ಯಾಲೆನ್ಸಿಗೆ ಹಾಕಿ ನೋಡಿದರೆ ಮಾತ್ರ ಎರಡಕ್ಕೂ ಅಜಗಜಾಂತರ. ಈ ಜೋಡಿಯಷ್ಟು ಚೆನ್ನಾಗಿ ಮೂರನೇ ನಿಯಮವನ್ನು ತೋರಿಸಿಕೊಡುವ ಬೇರೆ ಉದಾಹರಣೆ ನನಗೆ ಸಿಕ್ಕಿಲ್ಲ.

ಲೆಕ್ಕ ಕಾಗದದ ಮೇಲೆ ಶುರುವಾಗುತ್ತದೆ. ಏಳು ಚೌಕ ಬರೆದು, ಕೆಳಗೆ ಎಡದಿಂದ ಬಲಕ್ಕೆ +3, +2, +1, 0, −1, −2, −3 ಎಂದು ಗುರುತು ಹಾಕುತ್ತೇವೆ. ಸಮೇರಿಯಮ್‌ನ ಐದು ಎಲೆಕ್ಟ್ರಾನ್‌ಗಳನ್ನು ಎಡದಿಂದ ಒಂದೊಂದು ಚೌಕಕ್ಕೆ ಒಂದರಂತೆ, ಎಲ್ಲವೂ ಮೇಲ್ಮುಖವಾಗಿರುವಂತೆ ತುಂಬಬೇಕು. ಸ್ಪಿನ್ ಮೊತ್ತ S = 5/2 ಆಯಿತು, ಹಾಗಾಗಿ 2S+1 = 6. ಚೌಕಗಳ ಕೆಳಗಿನ ಅಂಕಿಗಳ ಮೊತ್ತ 3+2+1+0−1 = 5, ಅಂದರೆ ಒಟ್ಟು ಕಕ್ಷೀಯ ಕೋನೀಯ ಸಂವೇಗ L = 5, ಅಕ್ಷರ H. ಡಿಸ್ಪ್ರೋಸಿಯಮ್‌ನಲ್ಲಿ ಮೊದಲ ಏಳು ಎಲೆಕ್ಟ್ರಾನ್‌ಗಳು ಏಳೂ ಚೌಕಗಳಲ್ಲಿ ಮೇಲ್ಮುಖವಾಗಿ ಕೂರುತ್ತವೆ, ಅವುಗಳ L ಮೊತ್ತ ಸೊನ್ನೆ. ಉಳಿದ ಎರಡು ಕೆಳಮುಖವಾಗಿ +3 ಮತ್ತು +2ರಲ್ಲಿ ಕೂರುತ್ತವೆ. ಜೋಡಿಯಾಗದೆ ಉಳಿದವು ಐದು, ಆದ್ದರಿಂದ S ಮತ್ತೆ 5/2. L ಮತ್ತೆ 5.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. L ಗರಿಷ್ಠವಾಗಬೇಕು ಅಂತೀರಲ್ಲ ಸರ್, ಹಾಗಾದರೆ ಸಮೇರಿಯಮ್‌ನಲ್ಲಿ +3ರಲ್ಲಿ ಎರಡು, +2ರಲ್ಲಿ ಎರಡು, +1ರಲ್ಲಿ ಒಂದು ಹಾಕಿದರೆ ಮೊತ್ತ 11 ಬರುತ್ತದಲ್ಲ? ಬರುತ್ತದೆ. ಪಾಲಿ ನಿಯಮವೂ ಅದನ್ನು ತಡೆಯುವುದಿಲ್ಲ, L = 11 ಇರುವ ಟರ್ಮ್ ಆ ಅಯಾನಿನಲ್ಲಿ ನಿಜವಾಗಿಯೂ ಇದೆ. ಆದರೆ ಅದರ ಸ್ಪಿನ್ ಬರೀ 1/2, ಹಾಗಾಗಿ ಅದು ಶಕ್ತಿಯಲ್ಲಿ ಬಹಳ ಮೇಲಿದೆ. ಮೊದಲು ಸ್ಪಿನ್ ತೀರ್ಮಾನವಾಗಬೇಕು. ಗರಿಷ್ಠ ಸ್ಪಿನ್ ಇರುವ ಟರ್ಮ್‌ಗಳೊಳಗೆ ಮಾತ್ರ L ದೊಡ್ಡದಿರುವುದನ್ನು ಹುಡುಕಬೇಕು.

ಮೂರನೆಯದು J, ಅಂದರೆ L ಮತ್ತು S ಕೂಡಿ ಬರುವ ಒಟ್ಟು ಕೋನೀಯ ಸಂವೇಗ. ಅರ್ಧಕ್ಕಿಂತ ಕಡಿಮೆ ತುಂಬಿದ್ದರೆ J = |L−S|, ಹೆಚ್ಚು ತುಂಬಿದ್ದರೆ L+S. ಸಮೇರಿಯಮ್‌ಗೆ 5/2, ಡಿಸ್ಪ್ರೋಸಿಯಮ್‌ಗೆ 15/2. ಇದನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಅದಲುಬದಲು ಮಾಡುವುದು ಮಾಮೂಲು. ಕಾರಣ ತಿಳಿದಿದ್ದರೆ ಮರೆಯುವುದು ಕಷ್ಟ. ಪ್ರತಿ ಎಲೆಕ್ಟ್ರಾನ್‌ಗೂ ತನ್ನ ಸ್ಪಿನ್ ತನ್ನದೇ ಕಕ್ಷೀಯ ಕೋನೀಯ ಸಂವೇಗಕ್ಕೆ ವಿರುದ್ಧವಾಗಿದ್ದರೆ ಶಕ್ತಿ ಕಡಿಮೆ. ಸಮೇರಿಯಮ್‌ನಲ್ಲಿ ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗಿವೆ, ಆದ್ದರಿಂದ ಒಟ್ಟು L ಒಟ್ಟು Sಗೆ ವಿರುದ್ಧವಾಗಿ ನಿಲ್ಲುತ್ತದೆ. ಡಿಸ್ಪ್ರೋಸಿಯಮ್‌ನಲ್ಲಿ ಮೇಲ್ಮುಖದ ಏಳರಿಂದ L ಏನೂ ಬರುವುದಿಲ್ಲ. ಅಲ್ಲಿನ Lಗೆ ಕಾರಣ ಕೆಳಮುಖವಾಗಿರುವ ಎರಡು ಎಲೆಕ್ಟ್ರಾನ್‌ಗಳು ಮಾತ್ರ. ಅವು ತಮ್ಮ ಸ್ಪಿನ್‌ಗೆ ವಿರುದ್ಧವಾಗಿ ನಿಂತವು ಎಂದರೆ ಒಟ್ಟು ಸ್ಪಿನ್ ಇರುವ ದಿಕ್ಕಿಗೇ ನಿಂತಂತಾಯಿತು. ಎಲೆಕ್ಟ್ರಾನಿನ ಮಟ್ಟದಲ್ಲಿ ನಿಯಮ ಬದಲಾಗಿಲ್ಲ, L ಹುಟ್ಟುವುದು ಯಾವ ಎಲೆಕ್ಟ್ರಾನ್‌ಗಳಿಂದ ಎನ್ನುವುದಷ್ಟೇ ಬದಲಾಗಿದೆ.

ಇನ್ನು ಕಾಂತೀಯ ಮೊಮೆಂಟ್ p. ಬಳಸುವ ಸೂತ್ರ ಇದು:

g = 3/2 + [S(S+1) − L(L+1)] / 2J(J+1), p = g√(J(J+1))

ಎರಡಕ್ಕೂ ಮೇಲಿನ ಆವರಣದ ಬೆಲೆ 8.75 − 30 = −21.25. ಡಿಸ್ಪ್ರೋಸಿಯಮ್‌ನಲ್ಲಿ J(J+1) = 63.75, ಹಾಗಾಗಿ g = 4/3, p = 10.65 ಬೋರ್ ಮ್ಯಾಗ್ನೆಟಾನ್. ಸಮೇರಿಯಮ್‌ನಲ್ಲಿ J(J+1) = 8.75, g = 2/7, p = 0.845. L ಅನ್ನು ಬಿಟ್ಟು ಬರೀ ಸ್ಪಿನ್ ಲೆಕ್ಕ ಹಿಡಿದಿದ್ದರೆ ಎರಡಕ್ಕೂ 5.92 ಬರಬೇಕಿತ್ತು. ಈ ಪ್ರಯೋಗಕ್ಕೆ ನಿಯೋಡಿಮಿಯಮ್ ಆರಿಸಿಕೊಳ್ಳದಿರುವುದಕ್ಕೆ ಕಾರಣವೂ ಇದೇ. ಅಲ್ಲಿ ಹುಂಡ್ ಲೆಕ್ಕ 3.62, ಬರೀ ಸ್ಪಿನ್ ಲೆಕ್ಕ 3.87. ವಿದ್ಯಾರ್ಥಿಗಳ ಗೂಯ್ ಬ್ಯಾಲೆನ್ಸಿನಲ್ಲಿ ಆ ಎರಡನ್ನು ಬೇರೆ ಮಾಡಲು ಹೋಗುವುದು ವ್ಯರ್ಥ.

ಡಿಸ್ಪ್ರೋಸಿಯಮ್ ಆಕ್ಸೈಡ್ ಅಳೆಯುವಾಗ ಎದುರಾಗುವ ತೊಂದರೆ ಅದರ ಬಲವೇ. ಮಾಪನಾಂಕಕ್ಕೆ ಬಳಸುವ Hg[Co(SCN)₄]ನ ಗ್ರಾಂ ಸಸೆಪ್ಟಿಬಿಲಿಟಿ 20 ಡಿಗ್ರಿಯಲ್ಲಿ 16.44×10⁻⁶ ಸಿಜಿಎಸ್ ಮಾನ. ಡಿಸ್ಪ್ರೋಸಿಯಮ್ ಆಕ್ಸೈಡಿಗೆ ಬರಬೇಕಾದದ್ದು ಅದರ ಸುಮಾರು 15 ಪಟ್ಟು. ಕೊಳವೆ ಪಕ್ಕಕ್ಕೆ ಸರಿದು ಅಯಸ್ಕಾಂತದ ಧ್ರುವಕ್ಕೆ ಅಂಟಿಕೊಳ್ಳುತ್ತದೆ, ತೂಕದ ಅಂಕಿ ನಿಲ್ಲುವುದಿಲ್ಲ. ಕರೆಂಟ್ ಇಳಿಸಿ, ಅದೇ ಕರೆಂಟಿನಲ್ಲಿ ಮಾಪನಾಂಕವನ್ನೂ ಮತ್ತೆ ತೆಗೆಯುತ್ತೇವೆ. ಅಷ್ಟು ಮಾಡಿದರೆ ಉತ್ತರ 10.6ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಸಮೇರಿಯಮ್ ಹಾಗಲ್ಲ. ಹುಂಡ್ ಲೆಕ್ಕ 0.845 ಅನ್ನುತ್ತದೆ, ಕೋಣೆಯ ಉಷ್ಣತೆಯಲ್ಲಿ ಅಳತೆ ಮಾಡಿದರೆ 1.5ರ ಹತ್ತಿರ ಬರುತ್ತದೆ. ಇದರಿಂದ ಗ್ರೌಂಡ್ ಟರ್ಮ್ ತಪ್ಪು ಎಂದಾಗುವುದಿಲ್ಲ. J = 7/2 ಮಟ್ಟ ಸುಮಾರು 1000 cm⁻¹ ಮೇಲಿದೆ, 300 K ಉಷ್ಣತೆಯ kT ಕೇವಲ 208 cm⁻¹. ಹಾಗಾಗಿ ಮೇಲಿನ ಮಟ್ಟದಲ್ಲಿರುವ ಅಯಾನುಗಳು ಬಹಳ ಕಡಿಮೆ. ಆದರೆ ಹೊರಗಿನ ಕಾಂತಕ್ಷೇತ್ರವೇ ಆ ಮಟ್ಟವನ್ನು ಕೆಳಗಿನದರೊಳಗೆ ಸ್ವಲ್ಪ ಬೆರೆಸುತ್ತದೆ. ವ್ಯಾನ್ ವ್ಲೆಕ್ ತೋರಿಸಿಕೊಟ್ಟ ಪರಿಣಾಮ ಇದು. ಬಹುತೇಕ ವಿರಳ ಭೂಧಾತುಗಳಲ್ಲೂ ಅಷ್ಟಿಷ್ಟು ಇರುತ್ತದೆ. ಸಮೇರಿಯಮ್‌ನ ಸ್ವಂತ ಮೊಮೆಂಟ್ ತೀರಾ ಚಿಕ್ಕದಾದ್ದರಿಂದ ಅದರಲ್ಲಿ ಎದ್ದು ಕಾಣುತ್ತದೆ.

1.5ಕ್ಕಿಂತಲೂ ಹೆಚ್ಚು ಬಂದರೆ ನಾನು ಮೊದಲು ಅನುಮಾನಿಸುವುದು ಬಾಟಲಿಯನ್ನು. ನೂರರಲ್ಲಿ ಒಂದು ಸಮೇರಿಯಮ್ ಅಯಾನಿನ ಜಾಗದಲ್ಲಿ ಡಿಸ್ಪ್ರೋಸಿಯಮ್ ಸೇರಿದ್ದರೆ ಸಾಕು, 1.5 ಇದ್ದದ್ದು 1.8 ದಾಟುತ್ತದೆ. ವಿರಳ ಭೂಧಾತುಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಕಷ್ಟ, ಆದ್ದರಿಂದ ಲೇಬಲ್ಲಿನ ಶುದ್ಧತೆ ಇಲ್ಲಿ ನಿಜವಾಗಿಯೂ ಮುಖ್ಯ. ಉಷ್ಣತೆ ಬದಲಿಸುವ ಸೌಕರ್ಯ ಇದ್ದರೆ ಕಲಬೆರಕೆ ಸುಲಭವಾಗಿ ಸಿಕ್ಕಿಬೀಳುತ್ತದೆ. ತಣ್ಣಗಾಗಿಸುತ್ತಾ ಹೋದಂತೆ ಡಿಸ್ಪ್ರೋಸಿಯಮ್‌ನ ಪಾಲು 1/Tಯಂತೆ ಏರುತ್ತದೆ, ಕಾಂತಕ್ಷೇತ್ರ ಮಟ್ಟಗಳನ್ನು ಬೆರೆಸುವುದರಿಂದ ಹುಟ್ಟಿದ ಸಮೇರಿಯಮ್‌ನ ಪಾಲು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಡಯಾಮ್ಯಾಗ್ನೆಟಿಕ್ ತಿದ್ದುಪಡಿಯನ್ನೂ ಸಮೇರಿಯಮ್‌ಗೆ ಬಿಡಬಾರದು, ಅಲ್ಲಿ ಅದು ಶೇಕಡಾ ಕೆಲವಂಶ. ಡಿಸ್ಪ್ರೋಸಿಯಮ್‌ನಲ್ಲಿ ಬಿಟ್ಟರೂ ಯಾರಿಗೂ ತಿಳಿಯದು.

ಈ ಲೆಕ್ಕವನ್ನು ಎಲ್ಲಿಗೆ ಒಯ್ಯಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹುಂಡ್ ನಿಯಮಗಳು ಆರಿಸಿಕೊಡುವುದು ಅತ್ಯಂತ ಕೆಳಗಿನ ಟರ್ಮ್ ಒಂದನ್ನೇ, ಮೇಲಿನವುಗಳ ಸಾಲನ್ನಲ್ಲ. ಟೈಟಾನಿಯಮ್‌ನ d² ಟರ್ಮ್‌ಗಳಲ್ಲಿ ³F ಕೆಳಗಿದೆ, ಸರಿ. ಆದರೆ ಅದರ ಮುಂದಿನದು ¹D, ಸ್ಪಿನ್ ಹೆಚ್ಚಿರುವ ³P ಅದಕ್ಕಿಂತ ಮೇಲಿದೆ. ಅರ್ಧಂಬರ್ಧ ತುಂಬಿದ ಉಪಕವಚ ಒಂದೇ ಇರಬೇಕು ಎನ್ನುವುದು ಇನ್ನೊಂದು ಷರತ್ತು. ಸೀರಿಯಮ್ ಪರಮಾಣುವಿನಲ್ಲಿ 4f ಮತ್ತು 5d ಎರಡರಲ್ಲೂ ಒಂದೊಂದು ಎಲೆಕ್ಟ್ರಾನ್ ಇದೆ, ಅದರ ಗ್ರೌಂಡ್ ಟರ್ಮ್ ¹G. ಎರಡು ಸ್ಪಿನ್‌ಗಳು ಒಂದೇ ದಿಕ್ಕಿಗಿರಬಹುದಾಗಿದ್ದರೂ ಅಲ್ಲಿ ಸಿಂಗ್ಲೆಟ್ಟೇ ಕೆಳಗೆ.

ಸಮೇರಿಯಮ್ ಮುಗಿಸಿದವರಿಗೆ ನಾನು ಯೂರೋಪಿಯಮ್ ಕೊಡುತ್ತೇನೆ. Eu³⁺, 4f⁶: S = 3, L = 3, J = 0. ಹುಂಡ್ ಪ್ರಕಾರ ಮೊಮೆಂಟ್ ಸೊನ್ನೆ, ಅಳತೆಯಲ್ಲಿ ಸುಮಾರು 3.4. ಇಲ್ಲಿ J = 1 ಮಟ್ಟ ಬರೀ 370 cm⁻¹ ಆಸುಪಾಸಿನಲ್ಲಿದೆ, ಅದಕ್ಕೆ ಮೂರು ಉಪಸ್ಥಿತಿಗಳು. 3×e^(−370/208) ಲೆಕ್ಕ ಹಾಕಿದರೆ 0.5 ಬರುತ್ತದೆ. ಅಂದರೆ ಕೋಣೆಯ ಉಷ್ಣತೆಯಲ್ಲಿ ಮೂರರಲ್ಲೊಂದು ಪಾಲು ಅಯಾನುಗಳು ಹುಂಡ್ ಹೇಳಿದ ಮಟ್ಟವನ್ನು ಬಿಟ್ಟು ಒಂದು ಮೆಟ್ಟಿಲು ಮೇಲಿರುತ್ತವೆ. ಇದರ ಜೊತೆಗೆ ಕಾಂತಕ್ಷೇತ್ರದ ಬೆರಕೆಯ ಪಾಲನ್ನೂ ಕೂಡಿಸಿ 3.4ರವರೆಗೆ ಬರುವುದು ಅವರ ಮನೆಗೆಲಸ.