ಮೈಮೇಲೆ ಉಣ್ಣಿ ಇಲ್ಲ, ಆದರೂ ಟಿಕ್ ಫೀವರ್

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪಶುವೈದ್ಯಕೀಯ ಕ್ಲಿನಿಕ್ ಇದೆ. ಬರುವುದು ಹೆಚ್ಚಾಗಿ ನಾಯಿಗಳೇ. ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್ ಅಂದರೆ ಮೂಗಿನಿಂದ ರಕ್ತ ಬರುವ ಕಾಯಿಲೆ ಎಂದು ಬಹಳ ಜನ ತಿಳಿದಿದ್ದಾರೆ. ರಕ್ತ ಬರುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದೆ ಹೋಗಿರುತ್ತದೆ. ನಾನು ಹುಡುಕುವುದು ಅದಕ್ಕಿಂತ ಮೊದಲಿನ ಗುರುತುಗಳನ್ನು.

ಒಂದು ಏಪ್ರಿಲ್‌ನಲ್ಲಿ 25 ಕೆ.ಜಿ. ತೂಕದ ಲ್ಯಾಬ್ರಡಾರ್ ಬಂತು. "ಏನೂ ಇಲ್ಲ ಡಾಕ್ಟ್ರೇ, ಸ್ವಲ್ಪ ಡಲ್ ಆಗಿದೆ. ಅನ್ನ ಮುಟ್ಟಲ್ಲ, ಚಿಕನ್ ಕೊಟ್ರೆ ತಿನ್ನುತ್ತೆ. ಬಿಸಿಲಿಗಿರಬೇಕು ಅಲ್ವಾ?" ಎಂದರು ಮನೆಯವರು. ಈ ಮಾತು ಕೇಳಿದರೆ ನನ್ನ ಕೈ ಥರ್ಮಾಮೀಟರ್ ಕಡೆ ಹೋಗುತ್ತದೆ. ಮೂಗು ಒದ್ದೆಯೋ ಒಣಗಿದೆಯೋ ನೋಡಿ ಜ್ವರ ಹೇಳಲು ಆಗುವುದಿಲ್ಲ. ಗುದದಲ್ಲೇ ಇಟ್ಟು ನೋಡಬೇಕು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಇದಕ್ಕೆ 104 ಇತ್ತು.

ಆಮೇಲೆ ತುಟಿ ಎತ್ತಿ ವಸಡು ನೋಡಿದೆ. ಬಣ್ಣ ಗುಲಾಬಿಯೇ ಇತ್ತು. ಹೊಟ್ಟೆಯ ಕೆಳಗೆ, ಕೂದಲು ಕಡಿಮೆ ಇರುವ ಕಡೆ, ಸಾಸಿವೆಗಿಂತ ಚಿಕ್ಕದಾದ ಕೆಂಪು ಚುಕ್ಕೆಗಳು ಕಂಡವು. ಬೆರಳಿನಿಂದ ಒತ್ತಿದರೂ ಬಣ್ಣ ಹೋಗಲಿಲ್ಲ. ಅಂದರೆ ಅದು ಅಲರ್ಜಿಯ ಕೆಂಪಲ್ಲ, ಚರ್ಮದಡಿ ಒಸರಿದ ರಕ್ತ. ದವಡೆಯ ಕೆಳಗಿನ, ಮಂಡಿಯ ಹಿಂದಿನ ಗಂಟುಗಳೂ ಸ್ವಲ್ಪ ಊದಿದ್ದವು. ಮೈಯೆಲ್ಲ ತಡಕಿದರೂ ಉಣ್ಣಿ ಸಿಗಲಿಲ್ಲ. "ಉಣ್ಣಿಯೇ ಇಲ್ವಲ್ಲ" ಎಂದರು. ಇಲ್ಲದಿರುವುದು ಸಹಜವೇ. ಕಚ್ಚಿದ ಒಂದೆರಡು ವಾರದ ಮೇಲೆ, ಸುಮಾರು 8ರಿಂದ 20 ದಿನದೊಳಗೆ, ಜ್ವರ ಬರುತ್ತದೆ. ಅಷ್ಟರಲ್ಲಿ ಉಣ್ಣಿ ಹೊಟ್ಟೆ ತುಂಬಿಸಿಕೊಂಡು ಉದುರಿ ಹೋಗಿರುತ್ತದೆ.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 68,000 ಬಂತು. ಎರಡು ಲಕ್ಷವಾದರೂ ಇರಬೇಕಿತ್ತು. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಮೆಷಿನ್ ಕಡಿಮೆ ಎಣಿಸುತ್ತದೆ. ಹಾಗಾಗಿ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲೂ ನೋಡಿದೆ. ನಿಜವಾಗಿಯೂ ಕಡಿಮೆಯೇ ಇದ್ದವು. ಈ ಜ್ವರ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಮಾತ್ರ ಕಾಣಲಿಲ್ಲ. ಅದು ಹೀಗೆ ಕಾಣಿಸುವುದೇ ಅಪರೂಪ. ಕಿಟ್ ಪರೀಕ್ಷೆ ಕೂಡ ನೆಗೆಟಿವ್. ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಜ್ವರದ ಮೊದಲ ದಿನಗಳಲ್ಲಿ ಅದಿನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಕಿಟ್ ನೆಗೆಟಿವ್ ಅಂತ ನಾಯಿಯನ್ನು ಮನೆಗೆ ಕಳಿಸಿದರೆ ಕೆಟ್ಟೆವು.

ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡಿದೆ. ಕೆ.ಜಿ.ಗೆ 10 ಮಿ.ಗ್ರಾಂ ಲೆಕ್ಕದಲ್ಲಿ ದಿನಕ್ಕೆ 250 ಮಿ.ಗ್ರಾಂ, ಊಟದ ಜೊತೆ, 28 ದಿನ. ಎರಡನೇ ದಿನಕ್ಕೇ ಜ್ವರ ಇಳಿಯಿತು. ಬಹಳ ಮನೆಗಳಲ್ಲಿ ಮಾತ್ರೆ ನಿಲ್ಲುವುದೂ ಆವಾಗಲೇ. ನಾಯಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ರೋಗಾಣು ಒಳಗೇ ಉಳಿದು, ತಿಂಗಳುಗಳ ನಂತರ ಮೂಳೆಮಜ್ಜೆಗೆ ಪೆಟ್ಟು ಕೊಡಬಹುದು. ಇವರು ಪೂರ್ತಿ ಕೊಟ್ಟರು. ಕೊನೆಯಲ್ಲಿ ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬಂದಿತ್ತು.

ಮೂರು ದಿನವಾದರೂ ಜ್ವರ ಇಳಿಯದಿದ್ದರೆ ನಾನು ಬೇರೆ ದಾರಿ ಯೋಚಿಸುತ್ತೇನೆ. ಅದರಲ್ಲೂ ವಸಡು ಬಿಳಿಚಿಕೊಂಡು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬೆಬೀಸಿಯಾ ಇರಬಹುದು. ಅದೂ ಉಣ್ಣಿಯಿಂದಲೇ ಬರುತ್ತದೆ, ಆದರೆ ಕೆಂಪು ರಕ್ತಕಣ ಒಡೆಯುವ ಪರಾವಲಂಬಿ. ಅದಕ್ಕೆ ಡಾಕ್ಸಿಸೈಕ್ಲಿನ್ ಒಂದೇ ಸಾಲದು, ಔಷಧಿಯೇ ಬೇರೆ. ಕಿವಿಯ ತುದಿಯಿಂದ ತೆಗೆದ ರಕ್ತದ ಹನಿಯಲ್ಲಿ ಅದು ಸಿಗುವ ಸಾಧ್ಯತೆ ಜಾಸ್ತಿ. ಇನ್ನೊಂದು ಮಾತು: ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಕಬೇಡಿ. ನಾಯಿಗೆ ಅವು ವಿಷವಾಗಬಹುದು.

ನಮ್ಮಲ್ಲಿ ಟಿಕ್ ಫೀವರ್ ಇಷ್ಟು ಯಾಕೆ? ಇದನ್ನು ಹರಡುವ ಕಂದು ನಾಯಿ ಉಣ್ಣಿ ಕಾಡಿನದ್ದಲ್ಲ, ಮನೆಯದ್ದು. ಮಂಗನ ಕಾಯಿಲೆ ಹರಡುವ ಮಲೆನಾಡಿನ ಉಣ್ಣಿಯೇ ಬೇರೆ. ಈ ಕಂದು ಉಣ್ಣಿ ಮರಿಯಾಗಿ, ಎಳೆಯದಾಗಿ, ದೊಡ್ಡದಾಗಿ, ಮೂರು ಸಲ ನಾಯಿಯ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಕೆಳಗಿಳಿದು ಗೋಡೆಯ ಬಿರುಕಿನಲ್ಲಿ ಅಡಗುತ್ತದೆ. ಹೆಣ್ಣು ಸಾವಿರಾರು ಮೊಟ್ಟೆ ಇಡುವುದೂ ಅಲ್ಲೇ. ಚಳಿ ಊರುಗಳಲ್ಲಿ ಈ ಬೆಳವಣಿಗೆ ನಿಧಾನವಾಗುತ್ತದೆ, ನಿಂತೂ ಹೋಗುತ್ತದೆ. ನಮ್ಮ ಸೆಖೆಯಲ್ಲಿ ಎರಡು ಮೂರು ತಿಂಗಳಿಗೇ ಒಂದು ತಲೆಮಾರು ಮುಗಿದು ಇನ್ನೊಂದು ಶುರುವಾಗುತ್ತದೆ, ವರ್ಷವಿಡೀ.

ಆ ಲ್ಯಾಬ್ರಡಾರ್ ಮನೆಗೆ ನಾನೇ ಹೋಗಿ ನೋಡಿದೆ. ನಾಯಿ ಮಲಗುವ ಜಾಗದ ಹಿಂದೆ, ಗೋಡೆಯ ಮೇಲೆ ಎದೆಮಟ್ಟದಲ್ಲಿ ಬಿಟ್ಟಿದ್ದ ಬಿರುಕಿನಲ್ಲಿ ಉಣ್ಣಿಗಳಿದ್ದವು. ಇವು ಮೇಲಕ್ಕೆ ಹತ್ತುತ್ತವೆ, ನಾವು ಸುಮ್ನೆ ನೆಲ ತೊಳೆಯುತ್ತೇವೆ. ಬಿರುಕಿಗೆ ಉಣ್ಣಿ ಔಷಧಿ ಹೊಡೆಸಿ, ಒಣಗಿದ ಮೇಲೆ ಸಿಮೆಂಟ್ ಮೆತ್ತಿಸಿದರು. ಔಷಧಿ ಹೊಡೆದ ದಿನ ನಾಯಿಯನ್ನು ಬೇರೆ ಕಡೆ ಕಟ್ಟಿದ್ದರು. ಮೊಟ್ಟೆಗಳು ಔಷಧಿಗೆ ಸುಲಭವಾಗಿ ಸಾಯುವುದಿಲ್ಲ. ಅದಕ್ಕೇ ಕೆಲವು ವಾರ ಬಿಟ್ಟು ಇನ್ನೊಮ್ಮೆ ಹೊಡೆಸಲು ಹೇಳಿದೆ. ನಾಯಿಗೆ ತಿಂಗಳಿಗೊಮ್ಮೆ ಉಣ್ಣಿ ತಡೆಯುವ ಮಾತ್ರೆಯನ್ನೂ ಬರೆದುಕೊಟ್ಟೆ, ಚಳಿಗಾಲದಲ್ಲೂ ನಿಲ್ಲಿಸಬೇಡಿ ಎಂದೆ.