ಬ್ರೋಷರ್ ಲಗತ್ತಿಸಬೇಕೋ, ಲಿಂಕ್ ಕೊಡಬೇಕೋ, ಮೇಲ್‌ನಲ್ಲೇ ಬರೆಯಬೇಕೋ?

ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ಒಂದು ಹೋಂಸ್ಟೇ ಇದೆ ಅಂದುಕೊಳ್ಳಿ. ಬೆಂಗಳೂರಿನ ಕಂಪನಿಯೊಂದರಿಂದ ಮೇಲ್ ಬರುತ್ತದೆ. ‘ನವೆಂಬರ್ ಎರಡನೇ ಶನಿವಾರ, ಭಾನುವಾರ 24 ಜನ ಬರಬೇಕೆಂದಿದ್ದೇವೆ. ಜಾಗ ಇದೆಯಾ? ತಲೆಗೆ ಎಷ್ಟಾಗುತ್ತದೆ? ಬಸ್ ಗೇಟ್‌ವರೆಗೆ ಬರುತ್ತದಾ?’ ಮಾಲೀಕರು ‘ವಿವರಗಳಿಗೆ ಬ್ರೋಷರ್ ನೋಡಿ’ ಎಂದು ಒಂದು ಸಾಲು ಬರೆದು, 12 ಪುಟಗಳ 8 ಎಂಬಿ ಪಿಡಿಎಫ್ ಸೇರಿಸಿ ಕಳಿಸುತ್ತಾರೆ. ಆ ಕಡೆಯಿಂದ ಮತ್ತೆ ಸದ್ದಿಲ್ಲ.

ಇಲ್ಲಿ ಮೂರು ಕಡೆ ಎಡವಟ್ಟಾಗಿರಬಹುದು.

ಒಂದು, ಮೇಲ್ ತಲುಪದೇ ಇರಬಹುದು. ಫೈಲ್ ಅನ್ನು ಮೇಲ್‌ಗೆ ಸೇರಿಸಿದಾಗ ಅದು ಅಕ್ಷರಗಳಾಗಿ ಬದಲಾಗಿ ಹೋಗುತ್ತದೆ. ಪ್ರತಿ ಮೂರು ಬೈಟ್ ನಾಲ್ಕಾಗುತ್ತದೆ. ಹಾಗಾಗಿ 8 ಎಂಬಿ ಫೈಲ್ ದಾರಿಯಲ್ಲಿ ಸುಮಾರು 11 ಎಂಬಿ ಆಗಿರುತ್ತದೆ. ಜಿಮೇಲ್‌ನಲ್ಲಿ 25 ಎಂಬಿವರೆಗೆ ಲಗತ್ತಿಸಬಹುದು ನಿಜ, ಆದರೆ ತಲುಪಬೇಕಾದ ಕಂಪನಿಯ ಮಿತಿಯನ್ನು ಅಲ್ಲಿನ ಐಟಿಯವರು ಇಟ್ಟಿರುತ್ತಾರೆ. ಅದು 10 ಎಂಬಿ ಆಗಿದ್ದರೆ ನಿಮ್ಮ ಮೇಲ್ ಬಾಗಿಲಲ್ಲೇ ವಾಪಸ್. ಗೊತ್ತಾಗುವುದು ಹೇಗೆ? Mail Delivery Subsystem ಎಂಬ ಹೆಸರಿನಿಂದ ಒಂದು ಮೇಲ್ ಬಂದಿರುತ್ತದೆ. ಅದರಲ್ಲಿ message size ಎಂಬ ಪದಗಳನ್ನು ಹುಡುಕಿ. ಇನ್ನು ಅಪರಿಚಿತರ ಫೈಲ್ ಎಂದು ಸರ್ವರ್ ಅದನ್ನು ತಡೆದಿಟ್ಟಿದ್ದರೆ, ನಿಮಗೆ ಯಾವ ಸೂಚನೆಯೂ ಬಾರದಿರಬಹುದು.

ಎರಡು, ತಲುಪಿದರೂ ಓದಲು ಆಗದಿರಬಹುದು. ಬ್ರೋಷರ್ ಎ4 ಹಾಳೆಗೆಂದು ಮಾಡಿದ್ದು. ಆ ಹಾಳೆಯ ಅಗಲ 210 ಮಿಲಿಮೀಟರ್, ಫೋನಿನ ಪರದೆಯದ್ದು ಸುಮಾರು 70. ಹಾಳೆಯಲ್ಲಿ 11 ಪಾಯಿಂಟ್ ಇದ್ದ ಅಕ್ಷರ ಫೋನಿನಲ್ಲಿ 4 ಪಾಯಿಂಟ್‌ಗಿಂತ ಚಿಕ್ಕದಾಗುತ್ತದೆ. ಓದುವವರು ಎರಡು ಬೆರಳಿಟ್ಟು ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಸರಿಸುತ್ತಾ ಬೆಲೆ ಹುಡುಕಬೇಕು. ಮೇಲ್‌ನಲ್ಲಿ ಬರೆದ ಸಾಲು ಹಾಗಲ್ಲ, ಪರದೆಯ ಅಗಲಕ್ಕೆ ತಾನೇ ಮುರಿದುಕೊಂಡು ಕೂರುತ್ತದೆ.

ಮೂರನೆಯದೇ ಮುಖ್ಯ. ಅವರು ಕೇಳಿದ್ದಕ್ಕೆ ಬ್ರೋಷರ್‌ನಲ್ಲಿ ಉತ್ತರವೇ ಇಲ್ಲ. ನವೆಂಬರ್ ಎರಡನೇ ಶನಿವಾರ ರೂಮ್ ಖಾಲಿ ಇದೆಯೋ ಇಲ್ಲವೋ ಎಂದು ಯಾವ ಬ್ರೋಷರ್ ಹೇಳೀತು?

ಮೊದಲು ಉತ್ತರ ಬರೆಯಿರಿ

ಬ್ರೋಷರ್ ಬದಿಗಿಡಿ. ಕೇಳಿದ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಇಟ್ಟುಕೊಂಡು ಮೇಲ್‌ನಲ್ಲೇ ಉತ್ತರಿಸಿ. ಉದಾಹರಣೆಗೆ ಹೀಗೆ:

> ನಮಸ್ಕಾರ,
>
> ನವೆಂಬರ್ ಎರಡನೇ ಶನಿವಾರ, ಭಾನುವಾರ ಜಾಗ ಇದೆ. 24 ಜನಕ್ಕೆ 8 ರೂಮ್, ಒಂದೊಂದರಲ್ಲಿ ಮೂವರು.
>
> ತಲೆಗೆ 2,200 ರೂಪಾಯಿ, ಒಟ್ಟು 52,800. ಶನಿವಾರದ ಮಧ್ಯಾಹ್ನದ ಊಟದಿಂದ ಭಾನುವಾರದ ತಿಂಡಿವರೆಗೆ ಎಲ್ಲ ಸೇರಿದೆ.
>
> ದೊಡ್ಡ ಬಸ್ ಗೇಟ್‌ವರೆಗೆ ಬರುವುದಿಲ್ಲ. ಡಾಂಬರು ರಸ್ತೆಯಲ್ಲಿ ನಿಲ್ಲಿಸಬೇಕು. ಅಲ್ಲಿಂದ ಒಂದೂವರೆ ಕಿಲೋಮೀಟರ್ ನಮ್ಮ ಜೀಪಿನಲ್ಲಿ ಕರೆದುಕೊಂಡು ಬರುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ.
>
> ಈ ಶುಕ್ರವಾರದವರೆಗೆ ರೂಮ್‌ಗಳನ್ನು ನಿಮಗಾಗಿ ಹಿಡಿದಿಟ್ಟಿರುತ್ತೇವೆ. ರೂಮ್, ತೋಟದ ಫೋಟೊಗಳು ಬೇಕಿದ್ದರೆ ಈ ಲಿಂಕ್‌ನಲ್ಲಿವೆ.

ಮೊದಲ ಸಾಲಿನಲ್ಲೇ ‘ಜಾಗ ಇದೆ’ ಎಂದು ಇರುವುದರಿಂದ ಮೇಲ್ ತೆರೆಯುವ ಮೊದಲೇ ಇನ್‌ಬಾಕ್ಸ್ ಪಟ್ಟಿಯಲ್ಲೇ ಉತ್ತರ ಕಾಣುತ್ತದೆ. ಮೇಲ್ ಕಳಿಸಿದವರು ಇದನ್ನು ತಮ್ಮ ಮ್ಯಾನೇಜರ್‌ಗೆ ಹಾಗೇ ಫಾರ್ವರ್ಡ್ ಮಾಡಬಹುದು. ದುಡ್ಡು ಕೊಡಬೇಕೆಂದು ನಿರ್ಧರಿಸುವವರು ಸಾಮಾನ್ಯವಾಗಿ ಆ ಎರಡನೆಯ ವ್ಯಕ್ತಿ. ಅವರಿಗೆ ಫೈಲ್ ತೆರೆಯುವ ವ್ಯವಧಾನ ಇನ್ನೂ ಕಡಿಮೆ.

ಬಣ್ಣ, ಲೋಗೊ, ಚೌಕಟ್ಟು ಏನೂ ಬೇಡ. ಜಿಮೇಲ್‌ನಲ್ಲಿ ಮೇಲ್ ಬರೆಯುವ ಕಿಟಕಿಯ ಕೆಳಗೆ ಮೂರು ಚುಕ್ಕಿ ಒತ್ತಿದರೆ Plain text mode ಸಿಗುತ್ತದೆ. ಬರೀ ಅಕ್ಷರವಾಗಿ ಹೋಗುವ ಇಂಥ ಮೇಲ್‌ನಲ್ಲಿ ಬಣ್ಣ, ಚೌಕಟ್ಟು ಕೆಡುವ ಪ್ರಶ್ನೆಯೇ ಇಲ್ಲ. ಆದರೆ ಇದರಿಂದ ಸ್ಪ್ಯಾಮ್‌ಗೆ ಹೋಗುವುದು ತಾನಾಗಿ ತಪ್ಪುತ್ತದೆ ಎಂದುಕೊಳ್ಳಬೇಡಿ. ನಿಮ್ಮದೇ ಡೊಮೇನ್‌ನ ವಿಳಾಸ ಇದ್ದರೆ, ಒಂದು ಮೇಲ್ ನಿಮ್ಮದೇ ಜಿಮೇಲ್‌ಗೆ ಕಳಿಸಿ Show original ತೆರೆದು ನೋಡಿ. ಮೇಲ್ ನಿಜವಾಗಿಯೂ ನಿಮ್ಮ ಡೊಮೇನ್‌ನಿಂದಲೇ ಬಂದಿದೆಯೇ ಎಂದು ನೋಡುವ ಪರೀಕ್ಷೆಗಳಾದ SPF, DKIM ಎರಡರ ಎದುರೂ PASS ಇರಬೇಕು. ಇಲ್ಲದಿದ್ದರೆ ಡೊಮೇನ್ ನೋಡಿಕೊಳ್ಳುವವರಿಗೆ ಹೇಳಿ ಸರಿಮಾಡಿಸಿ.

ಬ್ರೋಷರ್‌ನಿಂದ ಸಾಲು ಎತ್ತುವಾಗ

ಕನ್ನಡದ ಬ್ರೋಷರ್ ಆದರೆ ಒಂದು ತೊಡಕಿದೆ. ಡಿಟಿಪಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿಕೊಟ್ಟಿದ್ದರೆ, ಪಿಡಿಎಫ್‌ನಿಂದ ನಕಲು ಮಾಡಿದ ‘ಕನ್ನಡ’ ಮೇಲ್‌ನಲ್ಲಿ `PÀ£ÀßqÀ` ಎಂದು ಬೀಳುತ್ತದೆ. ಪಿಡಿಎಫ್ ನೋಡಲು ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಫಾಂಟ್ ಅದರೊಳಗೇ ಇದೆ. ಮೇಲ್‌ನಲ್ಲಿ ಆ ಫಾಂಟ್ ಇಲ್ಲ. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ನಾಲ್ಕೇ ಸಾಲಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ.

ಲಿಂಕ್ ಯಾವಾಗ?

ದರ, ಫೋಟೊ, ಊಟದ ಪಟ್ಟಿ ಆಗಾಗ ಬದಲಾಗುತ್ತವೆ ಎಂದಾದರೆ ಲಿಂಕ್ ಕೊಡಿ. ಲಗತ್ತಿಸಿದ ಫೈಲ್ ಅವರ ಕಂಪ್ಯೂಟರಿನಲ್ಲಿ ಉಳಿದುಬಿಡುತ್ತದೆ. ಮುಂದಿನ ವರ್ಷ ಅದನ್ನೇ ತೆರೆದು ಹಳೆಯ ದರ ಕೇಳುತ್ತಾರೆ. ಗೂಗಲ್ ಡ್ರೈವ್‌ನಲ್ಲಿಟ್ಟ ಫೈಲ್‌ಗಾದರೆ ಕಂಪ್ಯೂಟರಿನಲ್ಲಿ Manage versions ಒತ್ತಿ ಹೊಸ ಪಿಡಿಎಫ್ ಏರಿಸಬಹುದು. ಲಿಂಕ್ ಮಾತ್ರ ಹಳೆಯದೇ ಇರುತ್ತದೆ.

ಜನ ಎಡವುವುದು ಅನುಮತಿಯಲ್ಲಿ. ಡ್ರೈವ್‌ನ ಫೈಲ್ ಸಾಮಾನ್ಯವಾಗಿ Restricted ಆಗಿರುತ್ತದೆ. ನಿಮಗೆ ತೆರೆದುಕೊಳ್ಳುತ್ತದೆ, ಅವರಿಗೆ ‘ಅನುಮತಿ ಕೇಳಿ’ ಎಂಬ ಪುಟ ಬರುತ್ತದೆ. ಅದನ್ನು Anyone with the link, Viewer ಎಂದು ಬದಲಿಸಿ. ಆಮೇಲೆ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಆ ಲಿಂಕ್ ಹಾಕಿ ನೋಡಿ. ಅಲ್ಲಿ ಲಾಗಿನ್ ಕೇಳದೆ ತೆರೆದರೆ ಅವರಿಗೂ ತೆರೆಯುತ್ತದೆ ಎಂದು ನಂಬಬಹುದು. ಆದರೂ ಕೆಲವು ಕಂಪನಿ, ಬ್ಯಾಂಕುಗಳಲ್ಲಿ ಡ್ರೈವ್ ಅನ್ನೇ ಮುಚ್ಚಿರುತ್ತಾರೆ. ಸ್ವಂತ ವೆಬ್‌ಸೈಟ್ ಇದ್ದರೆ ಫೈಲ್ ಅಲ್ಲೇ ಇಡಿ. ಕಳಿಸಿದ ವಿಳಾಸವೂ ಲಿಂಕ್‌ನ ವಿಳಾಸವೂ ಒಂದೇ ಡೊಮೇನ್ ಆಗಿದ್ದರೆ ಓದುವವರಿಗೆ ಧೈರ್ಯ. ಲಿಂಕನ್ನು ಚಿಕ್ಕದು ಮಾಡುವ ಸೇವೆಗಳು ಬೇಡ. ಎಲ್ಲಿಗೆ ಹೋಗುತ್ತದೆ ಎಂದು ಕಾಣದ ಲಿಂಕ್ ಒತ್ತಲು ಜನ ಹೆದರುತ್ತಾರೆ, ಮತ್ತು ವಂಚಕರು ಅವನ್ನೇ ಬಳಸುವುದರಿಂದ ಸ್ಪ್ಯಾಮ್ ಜರಡಿಗೂ ಅವುಗಳ ಮೇಲೆ ಅನುಮಾನ.

ಲಗತ್ತಿಸುವುದು ಯಾವಾಗ?

ಅವರೇ ಕೇಳಿದಾಗ. ಅಥವಾ ಅದು ಕಡತದಲ್ಲಿ ಉಳಿಯಬೇಕಾದ ಕಾಗದವಾದಾಗ: ಕೊಟೇಶನ್, ಜಿಎಸ್‌ಟಿ ಬಿಲ್, ಆಫೀಸಿನ ನೋಟಿಸ್ ಬೋರ್ಡಿಗೆ ಹಾಕಲು ಪ್ರಿಂಟ್ ತೆಗೆಯುವ ಹಾಳೆ. ಇವಕ್ಕೆ ಲಿಂಕ್ ಸಲ್ಲದು. ನಾಳೆ ಲಿಂಕ್ ಸತ್ತರೆ, ಇಲ್ಲವೇ ಒಳಗಿನ ಫೈಲ್ ಬದಲಾದರೆ, ಒಪ್ಪಿಕೊಂಡ ದರಕ್ಕೆ ಅವರ ಕೈಯಲ್ಲಿ ದಾಖಲೆ ಇರುವುದಿಲ್ಲ. ಇನ್ನು ಕಣ್ಣಿಗೆ ಕಂಡರಷ್ಟೇ ತೀರ್ಮಾನ ಆಗುವ ವಿಷಯವೂ ಉಂಟು. 24 ಜನ ಒಟ್ಟಿಗೆ ಕೂರುವ ಹಾಲ್ ಹೇಗಿದೆ ಎಂದು ಅವರು ಕೇಳಿದರೆ, ಎಷ್ಟು ಬರೆದರೂ ಸಾಲದು. ಆಗಲೂ ಇಡೀ ಬ್ರೋಷರ್ ಬೇಡ, 300 ಕೆಬಿ ಒಳಗಿನ ಎರಡು ಫೋಟೊ ಸಾಕು.

ಬ್ರೋಷರ್ ಅನ್ನೇ ಲಗತ್ತಿಸಬೇಕಾಗಿ ಬಂದರೆ, ಡಿಟಿಪಿಯವರಿಂದ ಪ್ರಿಂಟ್ ಫೈಲ್ ಅಲ್ಲದೆ ಪರದೆಗೆಂದು ಇನ್ನೊಂದು ಪ್ರತಿ ಕೇಳಿ ತೆಗೆದುಕೊಳ್ಳಿ. ಪ್ರಿಂಟಿಗೆ ಚಿತ್ರಗಳು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ ಇರಬೇಕು, ಪರದೆಗೆ 150 ಸಾಕು. ಅಷ್ಟು ಇಳಿಸಿದರೆ ಅಗಲ, ಎತ್ತರ ಎರಡೂ ಕಡೆ ಅರ್ಧವಾಗಿ ಚಿತ್ರದ ಚುಕ್ಕಿಗಳು ನಾಲ್ಕರಲ್ಲಿ ಒಂದು ಪಾಲಿಗೆ ಬರುತ್ತವೆ, ಫೈಲ್ ಕೂಡ ಚೆನ್ನಾಗಿ ಇಳಿಯುತ್ತದೆ. ಫೈಲ್‌ನ ಹೆಸರು `final_new2.pdf` ಎಂದಿರಬಾರದು. ಹೋಂಸ್ಟೇ ಹೆಸರು, ಊರು, ದರ ಯಾವ ತಿಂಗಳಿನದು ಎಂಬುದು ಹೆಸರಿನಲ್ಲೇ ಇರಲಿ. ಡೌನ್‌ಲೋಡ್ ಫೋಲ್ಡರ್‌ನಲ್ಲಿ ಅವರು ಅದನ್ನು ಹುಡುಕುವುದು ಆ ಹೆಸರಿನಿಂದಲೇ.